ಮೊದಲು ಅಪ್ಪ-ಅಮ್ಮನನ್ನು ಕೂರಿಸಿ

ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಪರೀಕ್ಷೆ-1, ಪರೀಕ್ಷೆ-2 ಎಂದು ಆದ ಮೇಲೆ ಫಲಿತಾಂಶದ ದಿನವೂ ಒಂದಕ್ಕಿಂತ ಹೆಚ್ಚಾಗಿದೆ. ಅಂಕ ಸುಧಾರಿಸಿಕೊಳ್ಳಲು ಒಳ್ಳೆಯ ಏರ್ಪಾಡೇ. ಆದರೆ ಮನೆಯಲ್ಲಿ ಮಾತು ಬಿಗಿಯಾಗುವ, ಬಾಗಿಲು ದಢಾರನೆ ಬೀಳುವ ದಿನಗಳೂ ಅಷ್ಟೇ ಹೆಚ್ಚಾದವು. ಇಂಥ ಹೊತ್ತಿನಲ್ಲಿ ಶಾಲೆ, ಕಾಲೇಜುಗಳಿಗೆ ತೋಚುವ ಮೊದಲ ಉಪಾಯ ಶಿಬಿರ. ಯಾರನ್ನಾದರೂ ಕರೆಸಿ, ಎಲ್ಲ ಮಕ್ಕಳನ್ನೂ ಹಾಲ್‌ನಲ್ಲಿ ಕೂರಿಸಿ, ಸಿಟ್ಟು ತಡೆಯುವ ವಿದ್ಯೆ ಹೇಳಿಕೊಟ್ಟು, ಹಾಳೆಯೊಂದನ್ನು ಕೈಗಿಟ್ಟು ಕಳಿಸುವುದು. ಈ ಸಂಪಾದಕೀಯ ಶೆಟ್ಟಿಕೆರೆ ಸೀಮೆಯ ಅಪ್ಪ-ಅಮ್ಮಂದಿರಿಗೂ ಮೇಷ್ಟ್ರುಗಳಿಗೂ ಹೇಳಬೇಕೆಂದಿರುವುದು ಇಷ್ಟು: ಆ ಹಾಳೆಯಲ್ಲಿರುವುದು ಒಳ್ಳೆಯ ವಿದ್ಯೆ, ಆದರೆ ಮಗುವಿಗೆ ಮಾತ್ರ ಕಲಿಸಿ ಮನೆಯನ್ನು ಹಾಗೇ ಬಿಟ್ಟರೆ ಅದು ತಿರುಗಿ ಬೀಳಬಹುದು.

ಆ ವಿದ್ಯೆಯ ಹೆಸರು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಡಿಬಿಟಿ. ರೂಪಿಸಿದವರು ಅಮೆರಿಕದ ಸಿಯಾಟಲ್‌ನಲ್ಲಿ ಪಾಠ ಹೇಳುತ್ತಿದ್ದ ಮಾರ್ಷಾ ಲಿನೆಹಾನ್. ಅವರ ಮೂಲ ಪುಸ್ತಕ ಬಂದದ್ದು 1993ರಲ್ಲಿ. ಹದಿನೇಳನೇ ವಯಸ್ಸಿನಲ್ಲಿ ತಾನೇ ಮಾನಸಿಕ ಆಸ್ಪತ್ರೆ ಸೇರಿ ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದೆ ಎಂದು ಅವರು 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಹೊರಗಿನಿಂದ ನೋಡಿ ಬರೆದ ಪುಸ್ತಕ ಅಲ್ಲ ಅದು. ಮುಂದೆ ಅಲೆಕ್ ಮಿಲ್ಲರ್ ಮತ್ತು ಜಿಲ್ ರಾಥಸ್ ಇದನ್ನು ಹದಿಹರೆಯದವರಿಗೆ ಹೊಂದಿಸಿದಾಗ ಮಾಡಿದ ದೊಡ್ಡ ಬದಲಾವಣೆ ಪಾಠದಲ್ಲಲ್ಲ, ಕುರ್ಚಿಗಳಲ್ಲಿ. ಮಗುವಿನ ಪಕ್ಕದ ಕುರ್ಚಿಯಲ್ಲಿ ಅಪ್ಪನನ್ನೋ ಅಮ್ಮನನ್ನೋ ಕೂರಿಸಿದರು. ನಾಲ್ಕು ಪಾಠಗಳಿದ್ದ ಕಡೆ ಐದನೆಯದೊಂದು ಸೇರಿಸಿದರು. ಅದೇ ನಡುದಾರಿಯ ಪಾಠ. ಅದು ಮನೆಯವರೂ ಮಕ್ಕಳೂ ಒಟ್ಟಿಗೇ ಕಲಿಯಬೇಕಾದದ್ದು.

ಯಾಕೆ ಹಾಗೆ? ಡಿಬಿಟಿಯ ಲೆಕ್ಕಾಚಾರದಲ್ಲಿ ಕೆಲವು ಮಕ್ಕಳು ಹುಟ್ಟಿನಿಂದಲೇ ಸೂಕ್ಷ್ಮ. ಬೇಗ ನಾಟುತ್ತದೆ, ಜೋರಾಗಿ ನಾಟುತ್ತದೆ, ನಾಟಿದ್ದು ಇಳಿಯುವುದು ನಿಧಾನ. ಇದು ಯಾರ ತಪ್ಪೂ ಅಲ್ಲ. ಅಂಥ ಮಗುವಿಗೆ ಮನೆಯಲ್ಲಿ ದಿನವೂ "ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ?" ಎಂಬ ಮಾತೇ ಸಿಕ್ಕರೆ, ತನಗಾದದ್ದು ನಿಜ ಎಂದು ನಂಬಿಸಲು ಅದು ದನಿ ಏರಿಸುತ್ತದೆ. ಏರಿದ ದನಿಗೆ ಮನೆಯವರು ಕೊನೆಗೆ ಬಗ್ಗುತ್ತಾರೆ. ಮೆತ್ತಗೆ ಹೇಳಿದರೆ ಯಾರೂ ಕೇಳುವುದಿಲ್ಲ, ಒಡೆದು ಹಾಕಿದರೆ ಕೇಳುತ್ತಾರೆ ಎಂಬುದು ಹೀಗೆ ಅಭ್ಯಾಸವಾಗುತ್ತದೆ. ಅರ್ಧ ಕಾಯಿಲೆ ಮಗುವಿನೊಳಗಿದ್ದರೆ ಇನ್ನರ್ಧ ಪಡಸಾಲೆಯಲ್ಲಿದೆ.

ಪಡಸಾಲೆಯನ್ನು ಬಿಟ್ಟು ಬರೀ ಮಗುವಿಗೆ ಕಲಿಸಿದರೆ ಏನಾಗುತ್ತದೆ ಎಂಬುದನ್ನು ಆಸ್ಟ್ರೇಲಿಯಾದವರು ನೋಡಿದ್ದಾರೆ. ಸುಮಾರು ಹದಿಮೂರು-ಹದಿನಾಲ್ಕು ವಯಸ್ಸಿನ ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳ ಅಧ್ಯಯನವದು, ಪ್ರಕಟವಾದದ್ದು 2023ರಲ್ಲಿ. ಒಂದು ಗುಂಪಿಗೆ ವಾರಕ್ಕೊಂದು ತರಗತಿಯಂತೆ ಎಂಟು ವಾರ ಡಿಬಿಟಿ ಪಾಠ, ಇನ್ನೊಂದಕ್ಕೆ ಮಾಮೂಲಿ ಪಾಠ. ಮುಗಿದಾಗ ಡಿಬಿಟಿ ಕಲಿತ ಗುಂಪಿನಲ್ಲೇ ಬೇಸರ, ಆತಂಕ ಹೆಚ್ಚಿತ್ತು. ಮೂರು ತಿಂಗಳಾದ ಮೇಲೂ ಅಪ್ಪ-ಅಮ್ಮನ ಜೊತೆಗಿನ ಸಂಬಂಧ ಹದಗೆಟ್ಟೇ ಇತ್ತು. ಮನೆಯಲ್ಲಿ ಅಭ್ಯಾಸ ಮಾಡಿದ ಕೆಲವರು ಮಾತ್ರ ಪರವಾಗಿಲ್ಲ ಎನ್ನುವಂತಿದ್ದರು. ತೊಂದರೆ ಇಲ್ಲದ ಮಕ್ಕಳನ್ನೂ ಸೇರಿಸಿ ಎಲ್ಲರಿಗೂ ಒಂದೇ ಕಷಾಯ ಕುಡಿಸಿದ್ದು ಒಂದು ಕಾರಣವಿರಬಹುದು. ನಮಗೆ ಕಾಣುವ ಇನ್ನೊಂದು ಕಾರಣ ಹೀಗಿದೆ: ನಿನ್ನ ಭಾವನೆಗೆ ಹೆಸರಿಡು, ಕೇಳಬೇಕಾದ್ದನ್ನು ನೇರ ಕೇಳು ಎಂದು ಕಲಿತುಬಂದ ಹುಡುಗಿ ಮನೆಗೆ ಹೋಗಿ ಬಾಯಿಬಿಟ್ಟರೆ, ಅಲ್ಲಿ ಸಿಗುವುದು "ಎದುರು ಮಾತಾಡೋದು ಕಲ್ತ್ಬಿಟ್ಟೆ" ಎಂಬ ಬೈಗುಳ.

ಈಗ ಒಂದು ಸಂಜೆಯನ್ನು ಬಿಡಿಸಿ ನೋಡೋಣ. ಇದು ಒಬ್ಬರ ಕಥೆಯಲ್ಲ, ಹಲವು ಮನೆಗಳಲ್ಲಿ ನಡೆಯುವುದನ್ನು ಒಟ್ಟು ಸೇರಿಸಿ ಬರೆದದ್ದು. ಹುಡುಗನಿಗೆ ಹದಿನಾರು, ತಿಪಟೂರಿನಲ್ಲಿ ಪಿಯುಸಿ. ರಾತ್ರಿ ಒಂದೂವರೆವರೆಗೆ ರೀಲ್ಸ್ ನೋಡಿದ್ದಾನೆ. ಬೆಳಿಗ್ಗೆ ತಿಂಡಿ ತಿನ್ನದೆ ಬಸ್ಸಿಗೆ ಓಡಿದ್ದಾನೆ. ಟೆಸ್ಟಿನಲ್ಲಿ ಒಂಬತ್ತು ಅಂಕ ಬಂದದ್ದನ್ನು ಲೆಕ್ಚರರ್ ಎಲ್ಲರ ಮುಂದೆ ಓದಿದ್ದಾರೆ. ಮಧ್ಯಾಹ್ನ ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ಒಂಬತ್ತು ತಮಾಷೆಯಾಗಿದೆ. ಸಂಜೆ ಅಂಗಳದಲ್ಲಿ ಅಮ್ಮ, ಅಜ್ಜಿ ಅಟ್ಟದಿಂದ ಇಳಿಸಿದ ಕಾಯಿ ಒಡೆದು ಕೊಬ್ಬರಿ ಬೇರ್ಪಡಿಸುತ್ತಿದ್ದಾರೆ. ತೋಟದಿಂದ ಬಂದ ಅಪ್ಪ ಮಗ ಫೋನ್ ಹಿಡಿದು ಕೂತದ್ದನ್ನು ನೋಡಿ ಕಿತ್ತುಕೊಳ್ಳುತ್ತಾನೆ. "ಬಂದಿರೋದು ಒಂಬತ್ತು, ನಾಚ್ಕೆ ಆಗಲ್ವೇನ್ಲಾ? ನಿಂಗೇನ್ ಕಮ್ಮಿ ಮಾಡಿದೀವಿ?" ಹುಡುಗ ಫೋನ್ ಕಿತ್ತು ಚಪ್ಪಡಿಗೆ ಬಡಿಯುತ್ತಾನೆ, "ನಾನಿಲ್ದಿದ್ರೆ ನಿಮ್ಗೆಲ್ಲ ನೆಮ್ಮದಿ" ಎಂದು ಕೂಗಿ ಕತ್ತಲಲ್ಲಿ ತೋಟದ ಕಡೆ ಓಡುತ್ತಾನೆ. ಅಜ್ಜಿ ಹಿಂದೆ ಹೋಗಿ ಕರೆತರುವಾಗ ರಾತ್ರಿ ಹನ್ನೊಂದು. ರಾತ್ರಿಯೇ ಹೊಸ ಫೋನಿನ ಮಾತೂ ಆಗುತ್ತದೆ.

ಊರು ಇದನ್ನು "ಫೋನ್ ಕಿತ್ಕೊಂಡಿದ್ದಕ್ಕೆ ಹಿಂಗಾಡ್ದ" ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಡಿಬಿಟಿಯಲ್ಲಿ ಇದನ್ನು ಸರಪಳಿಯಂತೆ ಬರೆಯಿಸುತ್ತಾರೆ, ಅದೂ ಮರುದಿನ, ಎಲ್ಲರೂ ತಣ್ಣಗಾದ ಮೇಲೆ. ಮೊದಲ ಕೊಂಡಿ ನಿದ್ದೆ, ಎರಡನೆಯದು ಖಾಲಿ ಹೊಟ್ಟೆ, ಆಮೇಲೆ ಅವಮಾನ, ಅದರ ಮೇಲೆ ತಮಾಷೆ, ಅಪ್ಪನ ಬಾಯಲ್ಲಿ ಅದೇ ಒಂಬತ್ತು. ಕಿಡಿ ಫೋನಲ್ಲ, ಆ ಒಂಬತ್ತು. ಕೊನೆಯ ಕೊಂಡಿಯನ್ನೂ ಬರೆಯಬೇಕು: ಗಲಾಟೆಯ ಬೆನ್ನಿಗೇ ಹೊಸ ಫೋನಿನ ಮಾತು ಬಂತು. ಬಡಿದದ್ದಕ್ಕೆ ಸಿಕ್ಕ ಬಹುಮಾನ ಅದು. ಹೀಗೆ ಬರೆದಾಗ ಒಂದು ವಿಷಯ ಕಾಣುತ್ತದೆ. ತುಂಡರಿಸಲು ಐದಾರು ಕಡೆ ಅವಕಾಶವಿತ್ತು, ಅವುಗಳಲ್ಲಿ ಸುಲಭದ್ದು ರಾತ್ರಿ ಹತ್ತಕ್ಕೆ ಮನೆಯವರೆಲ್ಲರ ಫೋನೂ, ಅಪ್ಪನದೂ ಸೇರಿ, ಒಂದೇ ಕಡೆ ಚಾರ್ಜಿಗೆ ಹಾಕುವುದು.

ಸಿಟ್ಟು ನೆತ್ತಿಗೇರಿದಾಗ ಬುದ್ಧಿಮಾತು ತಲೆಗೆ ಹತ್ತುವುದಿಲ್ಲ. ಸೊನ್ನೆಯಿಂದ ನೂರರವರೆಗೆ ಅಳತೆ ಇಟ್ಟುಕೊಂಡರೆ, ಒಬ್ಬೊಬ್ಬರಿಗೂ ಒಂದು ಗಡಿ ಇರುತ್ತದೆ. ಈ ಹುಡುಗನಿಗೆ ಎಪ್ಪತ್ತು ಎನ್ನೋಣ. ಅಲ್ಲಿಂದಾಚೆ ಕಲಿತ ವಿದ್ಯೆಯೆಲ್ಲ ಮರೆತುಹೋಗುತ್ತದೆ, ಕೆಲಸ ಮಾಡುವುದು ದೇಹದ ಉಪಾಯ ಮಾತ್ರ. ಬೇಸನ್ನಿಗೆ ತಣ್ಣೀರು ಹಾಕಿ, ಉಸಿರು ಬಿಗಿಹಿಡಿದು, ಬಗ್ಗಿ, ಕಣ್ಣು-ಕೆನ್ನೆ ಮುಳುಗುವಂತೆ ಮೂವತ್ತು ಸೆಕೆಂಡು ಮುಖ ಇಡುವುದು. ಉಸಿರು ಕಟ್ಟಿದಂತಾದರೆ ಮೊದಲೇ ಎತ್ತಬಹುದು. ನೀರಿಗೆ ಮುಖವಿಟ್ಟರೆ ಎದೆಬಡಿತ ಇಳಿಸುವ ಗುಣ ಮನುಷ್ಯನ ದೇಹದಲ್ಲೇ ಇದೆ. ಬೇಸಿಗೆಯಲ್ಲಿ ಟ್ಯಾಂಕಿನ ನೀರು ಬೆಚ್ಚಗಿರುತ್ತದೆ, ಅದರಿಂದ ಆಗದು. ಫ್ರಿಜ್ಜಿನ ನೀರು ಬೆರೆಸಬೇಕು, ಇಲ್ಲವೇ ಐಸನ್ನು ಬಟ್ಟೆಯಲ್ಲಿ ಸುತ್ತಿ ಕಣ್ಣಿನ ಕೆಳಗೆ ಒತ್ತಬೇಕು. ಇದು ಬಚ್ಚಲಲ್ಲಿ, ಮನೆಯವರು ಇರುವಾಗ ಮಾಡುವ ಕೆಲಸ. ಬಾವಿ, ಕಟ್ಟೆ, ಕೃಷಿಹೊಂಡದ ಹತ್ತಿರ ಅಲ್ಲ. ಹೃದಯದ ತೊಂದರೆ ಇರುವವರು, ಎದೆಬಡಿತ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು, ಊಟ ಬಿಟ್ಟು ಸೊರಗಿದವರು ಡಾಕ್ಟರನ್ನು ಕೇಳದೆ ಮಾಡಬಾರದು. ಆಮೇಲೆ ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಎರಡು-ಮೂರು ನಿಮಿಷ. ಇಷ್ಟರಿಂದ ಸಿಗುವುದು ಪರಿಹಾರವಲ್ಲ, ಸ್ವಲ್ಪ ಹೊತ್ತಿನ ಬಿಡುವು. ಅನಾಹುತಕ್ಕೆ ಬೇಕಾದ ಹೊತ್ತೂ ಅಷ್ಟೇ ಇರುವುದರಿಂದ ಆ ಬಿಡುವಿಗೆ ಬೆಲೆ. ಸುಮ್ಮನಿದ್ದ ದಿನ ಹತ್ತು ಸಲ ಅಭ್ಯಾಸ ಮಾಡದಿದ್ದರೆ ಸಿಟ್ಟು ಬಂದ ದಿನ ನೆನಪಾಗದು ಎಂಬುದನ್ನೂ ಹೇಳಬೇಕು.

ಬಿಡುವು ಸಿಕ್ಕ ಮೇಲೆ ಅಪ್ಪನ ಪಾಠ ಶುರು. ನಡುದಾರಿ ಎಂದರೆ ಅರ್ಧ ಬೈದು ಅರ್ಧ ಮುದ್ದು ಮಾಡುವುದಲ್ಲ. ಎರಡು ನಿಜಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು. ಇಂಗ್ಲಿಷಿನಲ್ಲಿ ಇದನ್ನು ಕಲಿಸುವವರು "ಬಟ್" ಬಿಡಿ, "ಆ್ಯಂಡ್" ಹಾಕಿ ಎಂದು ತಿಂಗಳುಗಟ್ಟಲೆ ತಿದ್ದಬೇಕು. ನಮ್ಮ ಭಾಷೆಯಲ್ಲಿ ಅದಕ್ಕೊಂದು "ಊ" ಕಾರ ಸಾಕು. "ನಿಂಗೆ ಅವಮಾನ ಆಗಿದ್ದೂ ನಿಜ, ಫೋನ್ ಹತ್ತಕ್ಕೆ ಇಲ್ಲಿಡ್ಬೇಕು ಅನ್ನೋದೂ ನಿಜ ಕಣಪ್ಪ." ಇದರಲ್ಲಿ ಮೊದಲರ್ಧ ಹೇಳುವುದು ಅಪ್ಪಂದಿರಿಗೆ ಕಷ್ಟ, ಎರಡನೆಯರ್ಧಕ್ಕೆ ಕೊನೆವರೆಗೂ ನಿಲ್ಲುವುದು ಅಮ್ಮಂದಿರಿಗೆ ಕಷ್ಟ. ಮೊದಲರ್ಧ ಹೇಳಿದರೆ ತಪ್ಪನ್ನು ಒಪ್ಪಿದಂತಾಗುತ್ತದೆ ಎಂಬ ಹೆದರಿಕೆ ಬೇಡ. ಒಪ್ಪಿದ್ದು ಅವನಿಗಾದ ನೋವನ್ನು, ಫೋನ್ ಬಡಿದದ್ದನ್ನಲ್ಲ.

ಯಾವುದು ಬರೀ ವಯಸ್ಸಿನ ಸಿಟ್ಟು, ಯಾವುದು ಮುನ್ಸೂಚನೆ? ಬಾಗಿಲು ಬಡಿದು ಅರ್ಧ ಗಂಟೆಗೆ ಊಟಕ್ಕೆ ಬಂದರೆ ಅದು ವಯಸ್ಸು. ಇಳಿಯಲು ಮರುದಿನವಾಗುತ್ತಿದ್ದರೆ, ತಿಂಗಳಿಗೊಮ್ಮೆ ಇದ್ದದ್ದು ವಾರಕ್ಕೆ ಬಂದರೆ, ಸೆಕೆಯಲ್ಲೂ ತುಂಬುತೋಳು ಬಿಚ್ಚದಿದ್ದರೆ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ, "ನಾನಿಲ್ದಿದ್ರೆ" ಎಂಬ ಮಾತು ಒಮ್ಮೆ ಬಂದರೂ ಅದು ಮುನ್ಸೂಚನೆ. ಆಗ "ಸಾಯ್ಬೇಕು ಅನ್ಸುತ್ತಾ?" ಎಂದು ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತುಂಬಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಕೇಳುವ ದಿನವೇ ತೋಟದ ಔಷಧಿಗಳನ್ನು ಪಂಪ್‌ಮನೆಯ ಮಾಡದಿಂದ, ಮನೆಯ ಮಾತ್ರೆಗಳನ್ನು ಗೂಡಿನಿಂದ ತೆಗೆದು ಬೀಗದೊಳಗಿಡಬೇಕು. ಬೀಗದ ಕೈ ಒಬ್ಬ ದೊಡ್ಡವರ ಬಳಿಯೇ ಇರಬೇಕು. ಎರಡು ದಿನದಲ್ಲಿ ಮಾಡುತ್ತೇನೆ ಎನ್ನುವ ಕೆಲಸ ಇದಲ್ಲ.

ಡಿಬಿಟಿಗೂ ಮಿತಿಯಿದೆ. ಮೂರ್ನಾಲ್ಕು ರಾತ್ರಿ ನಿದ್ದೆಯಿಲ್ಲದೆಯೂ ದಣಿವಾಗದೆ, ದೊಡ್ಡ ದೊಡ್ಡ ಮಾತಾಡುತ್ತ ಓಡಾಡುವ ಮಗುವಿಗೆ ಮೊದಲು ಬೇಕಾದದ್ದು ಮನೋವೈದ್ಯರು, ಬೇಸನ್ನಲ್ಲ. ಕೈ ಕೊಯ್ದುಕೊಂಡ, ಸಾಯಲು ಹೋದ ಮಗುವಿಗೂ ಹಾಳೆ ಸಾಲದು. ಪೂರ್ತಿ ಡಿಬಿಟಿಯಲ್ಲಿ ವಾರವಾರ ಒಬ್ಬರೇ ಕೂತು ಮಾತು, ಕುಟುಂಬಗಳ ಗುಂಪುಪಾಠ, ನಡುವೆ ಫೋನಿನಲ್ಲಿ ಸಹಾಯ ಎಲ್ಲವೂ ಸೇರಿ ನಾಲ್ಕೈದು ತಿಂಗಳು ನಡೆಯುತ್ತದೆ. ನಾರ್ವೆಯಲ್ಲಿ 77 ಮಕ್ಕಳ ಮೇಲೆ 19 ವಾರ ನಡೆದ ಅಧ್ಯಯನದಲ್ಲಿ ಸ್ವಂತಕ್ಕೆ ಗಾಯ ಮಾಡಿಕೊಳ್ಳುವುದು ಕಡಿಮೆಯಾದದ್ದು ಇಂಥ ಪೂರ್ತಿ ಚಿಕಿತ್ಸೆಯಿಂದ. ಅಷ್ಟು ಶೆಟ್ಟಿಕೆರೆಯಲ್ಲಿ ಸಿಗದು. ಸಿಗುವುದೆಂದರೆ ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡುವ ಟೆಲಿ ಮಾನಸ್, ಸಂಖ್ಯೆ 14416. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದ ವೈದ್ಯರು ಬರುವ ದಿನ. ಅಲ್ಲಿಂದ ಚೀಟಿ ಬರೆಸಿಕೊಂಡು ಹೋದರೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ.

ಆದ್ದರಿಂದ ಶಾಲೆಗಳಲ್ಲಿ ನಮ್ಮ ಕೋರಿಕೆ ಸಣ್ಣದು. ಮುನ್ನೂರು ಮಕ್ಕಳ ಹಾಲ್ ಬೇಡ. ಕ್ಲಾಸ್ ಟೀಚರಿಗೆ ಗೊತ್ತಿರುವ ಹತ್ತು ಮಕ್ಕಳ ಮನೆಯವರನ್ನು, ಕೊಬ್ಬರಿ ಕೆಲಸವಿಲ್ಲದ ಸಂಜೆ ನೋಡಿ, ಮಕ್ಕಳ ಜೊತೆಯೇ ಕೂರಿಸಿ. ಒಂದು ದಿನವಲ್ಲ, ಫಲಿತಾಂಶಕ್ಕೆ ಮುಂಚೆ ಆರೇಳು ವಾರ. ಮೊದಲ ವಾರ ಸರಪಳಿ ಬರೆಯಲಿ, ಅಪ್ಪನ ಸಿಟ್ಟಿನ ಸರಪಳಿಯನ್ನೂ.

ನಾವು ಹೇಳಿದ ಹುಡುಗನಂಥವರ ಮನೆಯಲ್ಲಿ ಇದರಿಂದ ಸಿಟ್ಟು ನಿಲ್ಲುತ್ತದೆಂದು ಯಾರೂ ಭರವಸೆ ಕೊಡಲಾರರು. ಮುಂದಿನ ಸಲ ಹನ್ನೊಂದರವರೆಗೆ ತೋಟದಲ್ಲಿರುವ ಬದಲು ಎಂಟಕ್ಕೆ ಮುಖ ಒರೆಸಿಕೊಂಡು ಅಂಗಳಕ್ಕೆ ಬಂದರೆ ಅದನ್ನು ಹಾಳೆಯಲ್ಲಿ ಬರೆದಿಡಬೇಕು. ಒಡೆದ ಗಾಜಿನ ಫೋನೇ ಸದ್ಯಕ್ಕೆ ಅವನದು. ಭಾನುವಾರಗಳಲ್ಲಿ ಕಾಯಿ ಸುಲಿದ ಕೂಲಿಯಿಂದ ಗಾಜಿನ ಅರ್ಧ ದುಡ್ಡು ಅವನು ಕೂಡಿಸಬೇಕು, ಉಳಿದರ್ಧ ಅಪ್ಪ ಕೊಡಬೇಕು.