ಎದೆಬಡಿತ ಇಳಿಯಲೇಬೇಕಿಲ್ಲ

ಎಸ್‌ಎಸ್‌ಎಲ್‌ಸಿ, ಪಿಯು ಪಾಸಾಗಲು ಶೇ 35ರ ಬದಲು ಶೇ 33 ಸಾಕು ಎಂಬ ತೀರ್ಮಾನದಿಂದ ಮಕ್ಕಳ ಪರೀಕ್ಷಾ ಭಯ ತಗ್ಗುತ್ತದಂತೆ. ಫೇಲಿನ ಅಂಚಿನಲ್ಲಿದ್ದವರಿಗೆ ಅನುಕೂಲವಾದೀತು, ಸರಿ. ಆದರೆ ಪ್ರಶ್ನೆಪತ್ರಿಕೆ ಹಂಚುವಾಗ ಅಂಗೈ ಬೆವರುವುದು ಶೇ 90 ತೆಗೆಯುವ ಹುಡುಗಿಗೂ ಇದ್ದದ್ದೇ. ಅಸಲಿಗೆ, ದೇಹದ ಆ ತಳಮಳವನ್ನು ಇಳಿಸಲೇಬೇಕು ಎಂದು ಹಟ ಹಿಡಿದಿರುವುದೇ ತಪ್ಪು.

2010ರಲ್ಲಿ ಜೆರೆಮಿ ಜೇಮಿಸನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಜಿಆರ್‌ಇಗೆ ಓದುತ್ತಿದ್ದ ವಿದ್ಯಾರ್ಥಿಗಳಿಗೆ ಅಣಕು ಪರೀಕ್ಷೆ ಕೊಟ್ಟರು. ಅರ್ಧ ಜನರಿಗೆ ಮೊದಲೇ ಒಂದು ಮಾತು ಹೇಳಿದ್ದರು: ಎದೆ ಹೊಡೆದುಕೊಂಡರೆ ಗಾಬರಿ ಬೇಡ, ಅದು ಚೆನ್ನಾಗಿ ಬರೆಯಲು ನೆರವಾಗಬಹುದು. ಅವರು ಗಣಿತದಲ್ಲಿ ಉಳಿದವರಿಗಿಂತ ಹೆಚ್ಚು ಅಂಕ ಪಡೆದರು. ಮುಂದೆ ಬರೆದ ನಿಜವಾದ ಜಿಆರ್‌ಇಯಲ್ಲೂ ಆ ಅಂತರ ಉಳಿಯಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ ಅಂಶ ಜೊಲ್ಲಿನ ಪರೀಕ್ಷೆಯದ್ದು. ದೇಹದ ಉದ್ವೇಗದ ಜೊತೆ ಏರುವ ಅಮೈಲೇಸ್ ಕಿಣ್ವ, ಚೆನ್ನಾಗಿ ಬರೆದ ಈ ಗುಂಪಿನಲ್ಲಿ ಇಳಿಯಲಿಲ್ಲ, ಏರಿತ್ತು! ಅವರು ಶಾಂತರಾಗಿರಲಿಲ್ಲ, ಉದ್ವೇಗಕ್ಕೆ ಹೆದರುವುದನ್ನು ಬಿಟ್ಟಿದ್ದರು, ಅಷ್ಟೆ. ಪ್ರಯೋಗ ಚಿಕ್ಕದು, ಭಾಷೆಯ ಭಾಗದಲ್ಲಿ ಲಾಭ ಕಾಣಲಿಲ್ಲ ಎಂಬುದನ್ನೂ ಒಪ್ಪೋಣ. ಆದರೂ ‘ಟೆನ್ಶನ್ ಮಾಡ್ಕೋಬೇಡ’ ಎಂಬ ನಮ್ಮ ಮಂತ್ರಕ್ಕೆ ಇಷ್ಟು ಆಧಾರವೂ ಇಲ್ಲ.

ಹಾಗಾದರೆ ಪರೀಕ್ಷೆಗೆ ಮುನ್ನ ಹೇಳಿಕೊಡುವ ಉಸಿರಾಟದ ಅಭ್ಯಾಸ ಏಕೆ? ಕೈನಡುಕ ತಗ್ಗಿ ಪೆನ್ನು ಹಿಡಿತಕ್ಕೆ ಬರಲಿ ಎಂದು. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಒಳಗೆ, ಆರು ಎಣಿಸುವಷ್ಟು ಹೊರಗೆ. ಒಂದೆರಡು ನಿಮಿಷ ಸಾಕು. ಬಿಡುವ ಉಸಿರು ಉದ್ದವಿರಬೇಕು. ಶಿಬಿರಗಳಲ್ಲಿ ‘ಜೋರಾಗಿ ಎಳೆಯಿರಿ’ ಎಂದು ಕೂಗಿಸುತ್ತಾರಲ್ಲ, ಹಾಗೆ ಬೇಗಬೇಗ ಎಳೆದರೆ ತಲೆ ಸುತ್ತಿ ಬೆರಳ ತುದಿ ಜುಮುಗುಡುತ್ತದೆ. ಮಗು ಇನ್ನಷ್ಟು ಬೆದರುತ್ತದೆ.

ಎದೆಬಡಿತಕ್ಕೆ ಹೆದರದಿರುವುದು, ಹೀಗೆ ಉಸಿರಾಡುವುದು, ಇವೆರಡನ್ನೂ ರೂಢಿಸಿಕೊಳ್ಳುವ ಜಾಗ ಅಣಕು ಪರೀಕ್ಷೆ. ಸಿಇಟಿಯ ಒಂದು ಪತ್ರಿಕೆ ನೋಡಿ: 60 ಪ್ರಶ್ನೆ, 80 ನಿಮಿಷ, ಅದರಲ್ಲಿ ಉತ್ತರಿಸಲು ಸಿಗುವುದು 70. ಪ್ರಶ್ನೆಗೆ 70 ಸೆಕೆಂಡು. ದಿನದ ಎರಡನೇ ಪತ್ರಿಕೆ ಶುರುವಾಗುವುದು ಮಧ್ಯಾಹ್ನ 2.30ಕ್ಕೆ, ಉಂಡ ಮೇಲೆ. ಮನೆಯಲ್ಲಿ ಬೆಳಗ್ಗೆ ಕಾಫಿ ಕುಡಿಯುತ್ತಾ, ನಡುವೆ ಎದ್ದು ಓಡಾಡುತ್ತಾ ಹಳೆಯ ಪತ್ರಿಕೆ ಬಿಡಿಸಿದವನಿಗೆ ಆ ಹೊತ್ತಿನ ತೂಕಡಿಕೆಯೂ ಗೊತ್ತಿಲ್ಲ, ಏಳನೇ ಪ್ರಶ್ನೆಯಲ್ಲಿ ನಾಲ್ಕು ನಿಮಿಷ ಸಿಕ್ಕಿಹಾಕಿಕೊಂಡಾಗ ಎದೆ ಹೇಗೆ ಹಾರುತ್ತದೆಂದೂ ಗೊತ್ತಿಲ್ಲ. 2.30ಕ್ಕೇ ಕೂತು, ಒಎಂಆರ್ ಹಾಳೆಯಲ್ಲೇ ತುಂಬಿದವನಿಗೆ ಅದು ಹಳೆಯ ಪರಿಚಯ. ಎದೆ ಹಾರಿತೇ, ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗುತ್ತಾನೆ. ಋಣಾತ್ಮಕ ಅಂಕ ಇಲ್ಲದ್ದರಿಂದ ಕೊನೆಗೆ ಯಾವ ವೃತ್ತವನ್ನೂ ಖಾಲಿ ಬಿಡುವುದಿಲ್ಲ.

ಪಾಠ ಓದದವನಿಗೆ ಇದ್ಯಾವುದೂ ಅಂಕ ತರುವುದಿಲ್ಲ. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ ಕೂತಿರುವ ಮಗುವಿಗೆ ಬೇಕಿರುವುದು ವೈದ್ಯರು. ಉಳಿದವರಿಗಾಗಿ ಶಿಕ್ಷಣ ಇಲಾಖೆ ಪ್ರೇರಣಾ ಭಾಷಣದ ಒಂದು ಮಧ್ಯಾಹ್ನವನ್ನು ರದ್ದುಮಾಡಿ, ಅದೇ 2.30ಕ್ಕೆ ಗಂಟೆ ಬಾರಿಸಿ ಪ್ರಶ್ನೆಪತ್ರಿಕೆ ಹಂಚಲಿ.