‘ಕೊಠಡಿ ತಣ್ಣಗಿದೆ’ ಎಂದರೆ ಏನೆಂದಂತಾಯಿತು?

ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೋದ ನಮ್ಮ ನಾಡಿನ ವಿದ್ಯಾರ್ಥಿಯೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಲಿ. ನವೆಂಬರ್ ತಿಂಗಳ ಸಂಜೆ. ಅವನು ಅರ್ಧ ತೆರೆದ ಕಿಟಕಿಯ ಪಕ್ಕದಲ್ಲಿ ಕುಳಿತು ಓದುತ್ತಿದ್ದಾನೆ. ಅವನ ಅಧ್ಯಾಪಕಿಯು ಒಳಗೆ ಬಂದು, ಎದುರಿನ ಕುರ್ಚಿಯಲ್ಲಿ ಕುಳಿತು, ಮೇಲಂಗಿಯನ್ನು ಮತ್ತಷ್ಟು ಬಿಗಿಯಾಗಿ ಹೊದ್ದುಕೊಂಡು, “ಈ ಕೊಠಡಿ ಸ್ವಲ್ಪ ತಣ್ಣಗಿದೆ, ಅಲ್ಲವೆ?” ಎನ್ನುತ್ತಾಳೆ. ವಿದ್ಯಾರ್ಥಿಯು ತಲೆಯೆತ್ತಿ, “ಹೌದು, ನಿನ್ನೆ ಇದಕ್ಕಿಂತಲೂ ತಣ್ಣಗಿತ್ತು” ಎಂದು ವಿನಯದಿಂದಲೇ ಉತ್ತರಿಸಿ ಮತ್ತೆ ಪುಸ್ತಕದಲ್ಲಿ ಮುಳುಗುತ್ತಾನೆ. ಕ್ಷಣಕಾಲ ಮೌನ. ಅಧ್ಯಾಪಕಿಯು ತಾನೇ ಎದ್ದು ಬಂದು, ಅವನ ಭುಜದ ಮೇಲಿನಿಂದ ಕೈಚಾಚಿ ಕಿಟಕಿಯನ್ನು ಮುಚ್ಚುತ್ತಾಳೆ.

ಹುಡುಗನ ವ್ಯಾಕರಣದಲ್ಲಿ ದೋಷವಿರಲಿಲ್ಲ. ಅವನು ಆಡಿದ ಮಾತು ಸತ್ಯವೂ ಆಗಿತ್ತು. ಆದರೂ ಆ ದಿನದಿಂದ ಅವನು ಅಧ್ಯಾಪಕಿಯ ಮನಸ್ಸಿನಲ್ಲಿ ‘ಒರಟ’ನಾಗಿ ಉಳಿದುಬಿಡಬಹುದು, ಏಕೆ ಹಾಗಾಯಿತೆಂಬುದು ಅವನಿಗೆ ಎಂದೆಂದೂ ತಿಳಿಯದೆ ಹೋಗಬಹುದು. ಉಚ್ಚಾರಣೆಯ ತಪ್ಪನ್ನು ಕೇಳಿದವರು ‘ಇವನು ಪರಭಾಷೆಯವನು’ ಎಂದು ಕ್ಷಮಿಸುತ್ತಾರೆ. ಇಂಥ ತಪ್ಪನ್ನು ಮಾತ್ರ ಭಾಷೆಯ ತಪ್ಪೆಂದು ಯಾರೂ ಎಣಿಸುವುದಿಲ್ಲ, ಸ್ವಭಾವದ ದೋಷವೆಂದೇ ಎಣಿಸುತ್ತಾರೆ. ಆದುದರಿಂದಲೇ ಈ ವಿಷಯವನ್ನು ಕುರಿತು ನಾವು ಬರೆಯಬೇಕಾಗಿದೆ.

ನಮ್ಮ ಶಾಲೆಗಳಲ್ಲಿ ವಾಕ್ಯಗಳನ್ನು ರೂಪದಿಂದ ವಿಂಗಡಿಸಲು ಕಲಿಸುತ್ತೇವೆ: ಇದು ನಿಶ್ಚಯಾರ್ಥಕ, ಇದು ಪ್ರಶ್ನಾರ್ಥಕ, ಇದು ವಿಧ್ಯರ್ಥಕ. ರೂಪವು ಹೀಗಿದ್ದರೆ ಅದರ ಕೆಲಸವೂ ಹಾಗೆಯೇ ಎಂಬ ಭಾವನೆಯು ಅರಿವಿಲ್ಲದೆಯೇ ವಿದ್ಯಾರ್ಥಿಯಲ್ಲಿ ಬೇರೂರುತ್ತದೆ. ಆದರೆ ಮಾತನಾಡುವುದೆಂದರೆ ಒಂದು ಕೆಲಸವನ್ನು ಮಾಡುವುದು. ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಆಸ್ಟಿನ್ನರು 1955ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ನೀಡಿದ ಉಪನ್ಯಾಸಗಳಲ್ಲಿ ಈ ಅಂಶವನ್ನು ವಿಶದಪಡಿಸಿದರು. ಅವರು ತೀರಿಕೊಂಡ ಮೇಲೆ, 1962ರಲ್ಲಿ, ಅವು ಪುಸ್ತಕರೂಪದಲ್ಲಿ ಹೊರಬಂದುವು. ಒಂದು ರೂಪದ ವಾಕ್ಯವು ಮತ್ತೊಂದರ ಕೆಲಸವನ್ನು ಮಾಡುವ ಬಗೆಯನ್ನು 1975ರಲ್ಲಿ ಸರ್ಲ್ ಎಂಬ ಅಮೆರಿಕದ ವಿದ್ವಾಂಸರು ಹಂತಹಂತವಾಗಿ ಬಿಡಿಸಿ ತೋರಿಸಿದರು.

ಇದು ಪಶ್ಚಿಮದವರು ಮಾತ್ರ ಕಂಡುಹಿಡಿದ ಹೊಸ ಸಂಗತಿಯೆಂದು ಭಾವಿಸಬೇಕಾಗಿಲ್ಲ. ನಮ್ಮ ಆಲಂಕಾರಿಕರು ವಾಚ್ಯಾರ್ಥ, ವ್ಯಂಗ್ಯಾರ್ಥ ಎಂಬ ಭೇದವನ್ನು ಸಾವಿರ ವರ್ಷಗಳಿಗೂ ಹಿಂದೆಯೇ ಗುರುತಿಸಿದ್ದರು. ಕಾಶ್ಮೀರದ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ‘ಸೂರ್ಯನು ಮುಳುಗಿದನು’ ಎಂಬರ್ಥದ ಒಂದು ಪುಟ್ಟ ವಾಕ್ಯವನ್ನು ತೆಗೆದುಕೊಳ್ಳುತ್ತಾನೆ. ಅದರ ವಾಚ್ಯಾರ್ಥವು ಎಲ್ಲರಿಗೂ ಒಂದೇ. ಆದರೆ ದನಗಾಹಿಗೆ ಅದು ‘ಹಸುಗಳನ್ನು ಕೊಟ್ಟಿಗೆಗೆ ಹೊಡೆ’ ಎಂದು ಕೇಳಿಸುತ್ತದೆ. ವ್ಯಾಪಾರಿಗೆ ‘ಸರಕನ್ನು ಒಳಗಿಡು’ ಎಂದು. ಕರ್ಮನಿಷ್ಠನಿಗೆ ‘ಸಂಧ್ಯಾವಂದನೆಯ ಹೊತ್ತಾಯಿತು’ ಎಂದು. ಆಡಿದವರಾರು, ಕೇಳಿದವರಾರು, ಸಂದರ್ಭವಾವುದು ಎಂಬವುಗಳಿಂದ ಈ ಅರ್ಥಗಳು ಹೊರಡುತ್ತವೆ. ಕಾವ್ಯಕ್ಕೆ ಮೀಸಲೆಂದು ನಾವು ತಿಳಿದಿರುವ ಈ ವಿಚಾರವು ಅಡಿಗೆಮನೆಯಲ್ಲಿಯೂ ನಿತ್ಯ ನಡೆಯುತ್ತಿದೆ. ತಾಯಿಯು ಮಗನ ಎದುರಿಗೆ “ಹಾಲು ಮುಗಿದುಹೋಯಿತು” ಎಂದಾಗ, ಅವನು “ಹೌದೇನಮ್ಮಾ?” ಎಂದು ಸುಮ್ಮನೆ ಕುಳಿತರೆ ಆ ಮನೆಯಲ್ಲಿ ಮುಂದೆ ಏನು ನಡೆಯುವುದೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ.

ಹಾಗಾದರೆ, ಮನೆಯಲ್ಲಿ ಹಾಲಿನ ಮಾತನ್ನು ತಟ್ಟನೆ ಗ್ರಹಿಸುವ ಹುಡುಗನು ಕಿಟಕಿಯ ಮಾತಿನಲ್ಲಿ ಏಕೆ ಎಡವಿದನು? ತರ್ಕವು ಎಲ್ಲ ಭಾಷೆಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಆದರೂ, ವಿನಯವನ್ನು ಎಲ್ಲಿ ಇಡಬೇಕೆಂಬುದರಲ್ಲಿ ಭಾಷೆ ಭಾಷೆಗೂ ವ್ಯತ್ಯಾಸವಿದೆ. ಕನ್ನಡದಲ್ಲಿ ವಿನಯವು ಬಹುಮಟ್ಟಿಗೆ ಕ್ರಿಯಾಪದದ ತುದಿಯಲ್ಲಿಯೇ ಅಡಗಿದೆ. “ಸ್ವಲ್ಪ ಕಿಟಕಿ ಹಾಕಿ” ಎಂಬುದು ರೂಪದಲ್ಲಿ ವಿಧಿಯಾದರೂ ಯಾರ ಕಿವಿಗೂ ಒರಟಾಗಿ ಕೇಳಿಸದು. ‘ಹಾಕು’ ಎಂಬುದು ‘ಹಾಕಿ’ ಎಂದಾಗುವುದರಲ್ಲಿ ಗೌರವವು ಬಂದಿತು. ‘ಸ್ವಲ್ಪ’ ಎಂಬ ಮಾತು ಕೋರಿಕೆಯ ಭಾರವನ್ನು ಇಳಿಸಿತು. ಸ್ವಲ್ಪವಾಗಬೇಕಾದುದು ಕಿಟಕಿಯಲ್ಲ, ತೊಂದರೆ! ಇಂಗ್ಲಿಷಿನಲ್ಲಿಯಾದರೋ ನೀನು, ನೀವು ಎಂಬ ಭೇದವಿಲ್ಲ. ಕ್ರಿಯಾಪದದಲ್ಲಿ ಗೌರವದ ಪ್ರತ್ಯಯವೂ ಇಲ್ಲ. ಆದಕಾರಣ ಆ ಭಾಷೆಯು ವಿನಯವನ್ನು ವಾಕ್ಯದ ಬಳಸುದಾರಿಯಲ್ಲಿ ಇಟ್ಟುಕೊಂಡಿದೆ. ಅವರು ಊಟದ ಮೇಜಿನಲ್ಲಿ “ಕ್ಯಾನ್ ಯೂ ಪಾಸ್ ದಿ ಸಾಲ್ಟ್?” ಎನ್ನುತ್ತಾರೆ. ಇದನ್ನು ಪದಕ್ಕೆ ಪದವಿಟ್ಟು “ಉಪ್ಪನ್ನು ಕೊಡಬಲ್ಲಿರಾ?” ಎಂದರೆ, ನಮ್ಮ ಕೈಯ ಶಕ್ತಿಯನ್ನೇ ಶಂಕಿಸಿದಂತಾಗುತ್ತದೆ. ನಾವು “ಉಪ್ಪು ಕೊಡ್ತೀರಾ?” ಎನ್ನುತ್ತೇವೆ. ಅಂತೆಯೇ ನಮ್ಮ ಸಭ್ಯವಾದ “ಉಪ್ಪು ಕೊಡಿ” ಎಂಬುದು ಇಂಗ್ಲಿಷಿಗೆ ಇಳಿದಾಗ ಅಪ್ಪಣೆಯಂತೆ ಕೇಳಿಸುತ್ತದೆ. ಒಂದೆಡೆ ಕೇಳುವುದರಲ್ಲಿ ತಪ್ಪು, ಇನ್ನೊಂದೆಡೆ ಆಡುವುದರಲ್ಲಿ ತಪ್ಪು, ಎರಡಕ್ಕೂ ಮೂಲವೊಂದೇ.

ಇಲ್ಲಿ ಎರಡು ಬಗೆಯ ಪರೋಕ್ಷ ಕೋರಿಕೆಗಳನ್ನು ಬೇರ್ಪಡಿಸಬೇಕು. ಉಪ್ಪಿನ ಪ್ರಶ್ನೆಯು ಬಳಕೆಯಿಂದ ಸವೆದು ಕೋರಿಕೆಯ ರೂಢಿಯೇ ಆಗಿಬಿಟ್ಟಿದೆ. ಅದನ್ನು ನುಡಿಗಟ್ಟಿನಂತೆ ಬಾಯಿಪಾಠ ಮಾಡಿದರೆ ಸಾಕು. ಹೀಗಿದ್ದರೂ ಅದರ ಮೂಲಾರ್ಥವು ಪೂರ್ತಿಯಾಗಿ ಸತ್ತಿಲ್ಲ. ಹರ್ಬರ್ಟ್ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅಂಗಡಿಗಳಿಗೆ ದೂರವಾಣಿ ಮಾಡಿಸಿ, ಎಷ್ಟು ಹೊತ್ತಿಗೆ ಮುಚ್ಚುವಿರೆಂದು ‘ಹೇಳಲು ಸಾಧ್ಯವೆ?’ ಎಂಬಂಥ ಪ್ರಶ್ನೆಗಳನ್ನು ಕೇಳಿಸಿದರು. ಉತ್ತರಿಸಿದವರಲ್ಲಿ ಕೆಲವರು ವೇಳೆಯನ್ನಷ್ಟೇ ಹೇಳಿದರು. ಕೆಲವರು ‘ಹೌದು’ ಎಂದು, ಆಮೇಲೆ ವೇಳೆಯನ್ನು ಹೇಳಿದರು. ಆ ‘ಹೌದು’ ಪ್ರಶ್ನೆಗೆ, ವೇಳೆಯು ಕೋರಿಕೆಗೆ.

ಎರಡನೆಯ ಬಗೆಯೆಂದರೆ ಬರಿಯ ಸೂಚನೆ. ‘ಕೊಠಡಿ ತಣ್ಣಗಿದೆ’ ಎಂಬುದರಲ್ಲಿ ಕಿಟಕಿಯ ಹೆಸರಿಲ್ಲ, ಮುಚ್ಚುವ ಕ್ರಿಯೆಯಿಲ್ಲ, ‘ನೀನು’ ಎಂಬುದೂ ಇಲ್ಲ. ಬಾಯಿಪಾಠವು ಇಲ್ಲಿ ನೆರವಾಗದು, ಊಹಿಸಿಯೇ ತಿಳಿಯಬೇಕು. ಆ ಊಹೆಗೂ ಕ್ರಮವುಂಟು. ನಮ್ಮ ವಿದ್ಯಾರ್ಥಿಯ ಪ್ರಸಂಗವನ್ನೇ ಬಿಡಿಸಿ ನೋಡೋಣ.

ಅಧ್ಯಾಪಕಿಯು ಹೇಳಿದ ಸಂಗತಿಯು ಅವನಿಗೆ ಹೊಸದೆ? ಅಲ್ಲ; ಕಿಟಕಿಯ ಪಕ್ಕದಲ್ಲಿ ಕುಳಿತವನಿಗೆ ಚಳಿಯು ಆಕೆಗಿಂತ ಮೊದಲೇ ತಿಳಿದಿತ್ತು. ಕೇಳುವವನಿಗೆ ತಿಳಿದಿರುವುದನ್ನೇ ಹೇಳಿದಾಗ, ಉದ್ದೇಶವು ತಿಳಿಸುವುದರ ಆಚೆ ಎಲ್ಲಿಯೋ ಇದೆಯೆಂದು ಅನುಮಾನಿಸಬೇಕು. ಎರಡನೆಯದಾಗಿ, ಹೇಳಿದ ಸ್ಥಿತಿಯು ಆಕೆಗೆ ಅಹಿತಕರವೆ? ಮೇಲಂಗಿಯನ್ನು ಬಿಗಿದುಕೊಂಡುದೇ ಸಾಕ್ಷಿ. ಬಳಿಕ, ಆ ಸ್ಥಿತಿಯನ್ನು ನೀಗುವ ಉಪಾಯವು ಹತ್ತಿರದಲ್ಲಿದೆಯೆ? ಕಿಟಕಿಯು ತೆರೆದಿದೆ. ಕೊನೆಯದಾಗಿ, ಆ ಉಪಾಯವು ಯಾರ ಕೈಗೆ ಎಟಕುತ್ತದೆ? ತನ್ನ ಕೈಗೇ. ಈ ನಾಲ್ಕಕ್ಕೂ ಉತ್ತರವು ಹೀಗೆ ಒಂದೇ ಕಡೆಗೆ ಬೆರಳು ತೋರಿದರೆ, ಅದು ಕೋರಿಕೆಯೆಂದು ತಿಳಿಯಲು ಅಡ್ಡಿಯಿಲ್ಲ. ಒಂದನ್ನು ಬದಲಾಯಿಸಿ ನೋಡಿ: ಅದೇ ಮಾತನ್ನು ಅವರಿಬ್ಬರೂ ಬಯಲಿನ ಬಸ್ ನಿಲ್ದಾಣದಲ್ಲಿ ನಿಂತು ‘ಇಲ್ಲಿ ತಣ್ಣಗಿದೆ’ ಎಂದು ಆಡಿದ್ದರೆ, ಮುಚ್ಚಲು ಕಿಟಕಿಯೇ ಇಲ್ಲ. ಆಗ ಅದು ಬರಿಯ ಲೋಕಾಭಿರಾಮ. “ಹೌದು, ನಿನ್ನೆ ಇನ್ನೂ ತಣ್ಣಗಿತ್ತು” ಎಂಬುದೇ ಸರಿಯಾದ ಉತ್ತರ.

ಇದೇ ಬಗೆಯ ಬದಲಾವಣೆಯನ್ನು ಬಳಸಿ 2012ರಲ್ಲಿ ಯೂರೋಪಿನ ಸಂಶೋಧಕರು ಮೆದುಳನ್ನೇ ಪರೀಕ್ಷಿಸಿದರು. ‘ಇಲ್ಲಿ ತುಂಬ ಸೆಕೆ’ ಎಂಬಂಥ ಮಾತನ್ನು ಕೇಳಿಸುತ್ತ, ಒಮ್ಮೆ ಮರುಭೂಮಿಯ ಚಿತ್ರವನ್ನು, ಮತ್ತೊಮ್ಮೆ ಕಿಟಕಿಯ ಚಿತ್ರವನ್ನು ತೋರಿಸಿದರು. ಮಾತು ಒಂದೇ. ಆದರೆ ಕಿಟಕಿಯನ್ನು ಕಂಡಾಗ, ಇತರರ ಮನಸ್ಸನ್ನು ಊಹಿಸುವಲ್ಲಿ ತೊಡಗುವ ಮೆದುಳಿನ ಭಾಗಗಳೂ ಅವಯವಗಳ ಚಲನೆಗೆ ಸಂಬಂಧಿಸಿದ ಭಾಗಗಳೂ ಹೆಚ್ಚು ಚುರುಕಾದುವು. ಕೈ ಏಳದಿದ್ದರೂ ಮೆದುಳು ಏಳಲು ಅಣಿಯಾಗುತ್ತಿತ್ತೆನ್ನಬಹುದೇನೋ.

ಪರೋಕ್ಷವಾದಷ್ಟೂ ಮಾತು ಸಭ್ಯವೆಂಬ ನಂಬಿಕೆಯೊಂದಿದೆ. ಅದನ್ನು ನಾವು ಒಪ್ಪುವುದಿಲ್ಲ. ಇಸ್ರೇಲಿನ ಭಾಷಾವಿಜ್ಞಾನಿ ಶೋಶಾನಾ ಬ್ಲುಮ್-ಕುಲ್ಕಾ ಅವರು ಇಂಗ್ಲಿಷ್ ಮತ್ತು ಹೀಬ್ರೂ ಭಾಷಿಕರಿಂದ ಬಗೆಬಗೆಯ ಕೋರಿಕೆಗಳ ಸಭ್ಯತೆಯನ್ನು ತೂಗಿಸಿ 1987ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎರಡು ಭಾಷೆಗಳಲ್ಲಿಯೂ ಅತ್ಯಂತ ಸಭ್ಯವೆನಿಸಿದುದು ಬರಿಯ ಸೂಚನೆಯಲ್ಲ. ಉಪ್ಪಿನ ಪ್ರಶ್ನೆಯಂಥ ರೂಢಿಯ ಪರೋಕ್ಷ ಕೋರಿಕೆ. ಕಾರಣವು ಸ್ಪಷ್ಟವಾಗಿದೆ. ಸೂಚನೆಯು ಬಿಡಿಸುವ ಶ್ರಮವನ್ನೆಲ್ಲ ಕೇಳುವವನ ತಲೆಗೆ ಕಟ್ಟುತ್ತದೆ. ಅವನು ಬಿಡಿಸದಿದ್ದರೆ ತಪ್ಪನ್ನೂ ಅವನ ಮೇಲೆಯೇ ಹೊರಿಸುತ್ತದೆ. ಆಡಿದವರಾದರೋ “ನಾನೇನೂ ಕೇಳಲಿಲ್ಲವಲ್ಲ, ಚಳಿಯ ಮಾತಾಡಿದೆ, ಅಷ್ಟೆ” ಎಂದು ಜಾರಿಕೊಳ್ಳಬಹುದು. ಆದುದರಿಂದ ನಮ್ಮ ಪ್ರಸಂಗದಲ್ಲಿ ಪೂರ್ತಿ ತಪ್ಪನ್ನು ಹುಡುಗನಿಗೆ ಹೊರಿಸುವುದು ನ್ಯಾಯವಲ್ಲ. ಎದುರಿಗಿರುವವನಿಗೆ ಭಾಷೆಯು ಹೊಸದೆಂದು ತಿಳಿದ ಮೇಲೆ, “ಕಿಟಕಿಯನ್ನು ಮುಚ್ಚುವಿಯಾ?” ಎಂದು ಕೇಳುವ ಹೊಣೆಯು ಅಧ್ಯಾಪಕಿಗೂ ಇತ್ತು. ಕನ್ನಡವನ್ನು ಕಲಿಯಲೆಂದು ನಮ್ಮ ನಡುವೆ ಬಂದಿರುವ ಹೊರನಾಡಿನವರೊಡನೆ ನಾವು ಮಾತನಾಡುವಾಗಲೂ ಈ ಹೊಣೆಯು ನಮ್ಮದೇ.

ಇನ್ನೊಂದು ಅಪಾಯವನ್ನೂ ಹೇಳಬೇಕು. ಈ ವಿದ್ಯೆಯನ್ನು ಹೊಸದಾಗಿ ಕಲಿತವರು ಪ್ರತಿಯೊಂದು ಮಾತಿನಲ್ಲಿಯೂ ಕೋರಿಕೆಯನ್ನು ಕಾಣತೊಡಗುತ್ತಾರೆ. ‘ನಿಮ್ಮ ಲೇಖನಿ ಚೆನ್ನಾಗಿದೆ’ ಎಂದವನಿಗೆ ಲೇಖನಿಯನ್ನೇ ಕೊಟ್ಟುಬಿಡುವಂಥ ಅವಸರವಿದು. ಪಾಠಗಳಲ್ಲಿ ‘ಈ ವಾಕ್ಯವು ಕೋರಿಕೆ’ ಎಂದು ಪಟ್ಟಿ ಮಾಡಿ ಕಲಿಸಿದರೆ ಇಂಥ ಫಲವೇ ದೊರೆಯುತ್ತದೆ. ಅದರ ಬದಲು, ಒಂದೇ ವಾಕ್ಯವನ್ನು ಕೊಟ್ಟು, ಸ್ಥಳವನ್ನೂ ಜನರನ್ನೂ ಬದಲಾಯಿಸುತ್ತ, ಎಲ್ಲಿ ಅದು ಕೋರಿಕೆ, ಎಲ್ಲಿ ಅಲ್ಲ ಎಂದು ವಿದ್ಯಾರ್ಥಿಗಳಿಂದಲೇ ವಾದ ಮಾಡಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಮಮ್ಮಟನ ಸೂರ್ಯನು ಈ ಪಾಠಕ್ಕೆ ಇಂದಿಗೂ ಸಲ್ಲುತ್ತಾನೆ.

ಇಷ್ಟಾದರೂ ಸಂದೇಹವು ಉಳಿಯುವ ಸಂದರ್ಭಗಳಿವೆ. ಆಗ ಊಹೆಯನ್ನು ಪ್ರಶ್ನೆಯಾಗಿ ಹಿಂದಿರುಗಿಸುವುದೇ ಸುಲಭೋಪಾಯ. ಹುಡುಗನು ಕಿಟಕಿಯತ್ತ ಕೈಯಿಟ್ಟು “ಇದನ್ನು ಹಾಕಲೆ?” ಎಂದು ಕೇಳಿದನೆನ್ನೋಣ. ಕೋರಿಕೆಯಾಗಿದ್ದರೆ ಆಕೆ ವಂದನೆ ಹೇಳುತ್ತಾಳೆ. ಅಲ್ಲವಾಗಿದ್ದರೆ, “ಬೇಡ, ಇರಲಿ, ಗಾಳಿ ಬರುತ್ತಿರಲಿ” ಎನ್ನುತ್ತಾಳೆ, ಇಬ್ಬರೂ ತಮ್ಮ ತಮ್ಮ ಓದಿಗೆ ಮರಳುತ್ತಾರೆ.