ಮುಖದ ಮೇಲಿನ ಬೆಳಕು

ಮುಂಬಯಿಯ ಮರೀನ್ ಡ್ರೈವಿನಲ್ಲಿ ಸಂಜೆ ತೆಗೆದ ಭಾವಚಿತ್ರಗಳಿಗೆಲ್ಲ ಒಂದೇ ತೊಡಕು. ಸೂರ್ಯ ಅರಬೀ ಸಮುದ್ರದ ಕಡೆಗೆ ಇಳಿಯುತ್ತಾನೆ. ಕಡಲಿಗೆ ಬೆನ್ನು ಮಾಡಿ ನಿಂತವರ ಮುಖ ಕಪ್ಪಿಡುತ್ತದೆ, ಹಿಂದಿನ ಆಕಾಶ ಕಣ್ಣು ಕುಕ್ಕುತ್ತದೆ. ನಮ್ಮ ಬಳಗದ ಸ್ಮರಣ ಸಂಚಿಕೆಗೆಂದು ಹಿರಿಯ ಸದಸ್ಯೆಯೊಬ್ಬರ ಅಂಥದೊಂದು ಚಿತ್ರವನ್ನು ನಾನೇ ತಿದ್ದಿದೆ. ಅಚ್ಚಿಗೆ ಹೋಗುವ ಮೊದಲು ನೋಡಿದ ಅವರ ಮಗಳು, "ಚೆನ್ನಾಗಿದೆ, ಆದರೆ ಇವರು ನಮ್ಮಮ್ಮನ ಹಾಗಿಲ್ಲ" ಎಂದರು.

ನಾನು ಮಾಡಿದ್ದು ಇಷ್ಟೇ. ಆಕಾಶದ ಮೇಲೆ ಗ್ರೇಡಿಯಂಟ್ ಎಳೆದು ಬೆಳಕನ್ನು ಒಂದು ಸ್ಟಾಪ್ ಇಳಿಸಿದೆ; ಮುಖದ ಮೇಲೆ ಬ್ರಷ್ ಆಡಿಸಿ ಎರಡು ಸ್ಟಾಪ್ ಏರಿಸಿದೆ. ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿಯಾಗುತ್ತದೆ, ಇಳಿದರೆ ಅರ್ಧವಾಗುತ್ತದೆ. ಅಂದರೆ ಮುಖಕ್ಕೂ ಆಕಾಶಕ್ಕೂ ಇದ್ದ ಸಂಬಂಧವನ್ನು ನಾನು ಮೂರು ಸ್ಟಾಪ್, ಎಂಟು ಪಟ್ಟು, ಬದಲಿಸಿದ್ದೆ. ಬೆನ್ನ ಹಿಂದೆ ಸೂರ್ಯನಿದ್ದೂ ಮುಖವೇ ಆಕಾಶಕ್ಕಿಂತ ಬೆಳಗುತ್ತಿತ್ತು. ನೋಡುವವರು ಈ ಲೆಕ್ಕ ಹಾಕುವುದಿಲ್ಲ. ಯಾರನ್ನೋ ಕತ್ತರಿಸಿ ಅಂಟಿಸಿದಂತಿದೆ ಎಂದಷ್ಟೇ ಅವರಿಗೆ ಅನಿಸುತ್ತದೆ.

ಗ್ರೇಡಿಯಂಟಿಗೆ ತಲೆಯೂ ಒಂದೇ, ಮೋಡವೂ ಒಂದೇ. ದಿಗಂತದಿಂದ ಮೇಲಕ್ಕೆ ಚಾಚಿದ ತಲೆಗೂದಲನ್ನು ಅದು ಆಕಾಶದೊಡನೆಯೇ ಕಪ್ಪಾಗಿಸಿತ್ತು. ಆ ಭಾಗವನ್ನು ಮಾಸ್ಕಿನಿಂದ ಕಳೆಯಬೇಕಿತ್ತು. ನಾನು ಬ್ರಷ್‌ನಿಂದ ಮತ್ತೆ ಬೆಳಗಿಸಲು ಹೋದೆ. ಬ್ರಷ್‌ನ ಮೃದುವಾದ ಅಂಚು ಕೂದಲನ್ನು ದಾಟಿ ಆಕಾಶಕ್ಕೆ ಹರಿದು, ತಲೆಯ ಸುತ್ತ ದೇವರ ಪಟದಲ್ಲಿರುವಂಥ ಪ್ರಭಾವಳಿ ಮೂಡಿತು. ಚಿತ್ರವನ್ನು ಅಂಗೈಯಗಲಕ್ಕೆ ಕುಗ್ಗಿಸಿ ನೋಡಿದರೆ ಇಂಥ ದೋಷ ತಕ್ಷಣ ಕಾಣುತ್ತದೆ.

ಹಾಗೆಂದು ತಿದ್ದುವುದೇ ತಪ್ಪೆನ್ನುವವರ ಮಾತನ್ನು ನಾನು ಒಪ್ಪಲಾರೆ. ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್‌ನಲ್ಲಿ ತೆಗೆದ ಚಂದ್ರೋದಯದ ಚಿತ್ರವನ್ನು ಮುಂದಿನ ವರ್ಷಗಳಲ್ಲಿ ಮುದ್ರಿಸುತ್ತ ಹೋದಂತೆ ಕತ್ತಲಕೋಣೆಯಲ್ಲಿ ಆಕಾಶವನ್ನು ಹೆಚ್ಚು ಹೆಚ್ಚು ಕಪ್ಪಾಗಿಸಿದರು. ಎದುರಿಗೆ ನಿಂತಾಗ ನಮ್ಮ ಕಣ್ಣು ಮುಖವನ್ನೂ ಆಕಾಶವನ್ನೂ ಹೊಂದಿಸಿಕೊಂಡು ನೋಡುತ್ತದೆ. ಕ್ಯಾಮೆರಾಕ್ಕೆ ಆ ಶಕ್ತಿ ಕಡಿಮೆ. ಆ ಕೊರತೆಯನ್ನು ತುಂಬುವುದು ನ್ಯಾಯವೇ.

ಆದರೆ ನನ್ನ ಕೈ ಆ ನ್ಯಾಯವನ್ನು ಮೀರಿತ್ತು. ಆ ತಾಯಿಯದು ಎಣ್ಣೆಗಪ್ಪು ಮೈಬಣ್ಣ. ನೆರಳನ್ನು ತೆಗೆಯುವ ನೆಪದಲ್ಲಿ ನಾನು ಅವರ ಬಣ್ಣವನ್ನೇ ತೆಗೆದಿದ್ದೆ. ಪರದೆಯ ಮೇಲೆ ಮುಖ ಬೆಳ್ಳಗಾದಷ್ಟೂ 'ಈಗ ಸರಿಹೋಯಿತು' ಎನಿಸಿದ್ದು ನೆನಪಾಗಿ ನಾಚಿಕೆಯಾಯಿತು. ಮದುವೆಯ ಆಲ್ಬಮ್‌ಗಳಲ್ಲಿ ನಾವು ಹಣ ಕೊಟ್ಟು ಮಾಡಿಸಿಕೊಳ್ಳುವುದೂ ಇದನ್ನೇ. ಸಾಕ್ಷಿ ಚಿತ್ರದಲ್ಲೇ ಇತ್ತು: ನಾನು ಮುಟ್ಟದ ಕುತ್ತಿಗೆ, ಕೈಗಳು ಒಂದು ಬಣ್ಣ, ಮುಖ ಇನ್ನೊಂದು.

ಎರಡನೆಯ ಸಲ ತಲೆಯನ್ನು ಗ್ರೇಡಿಯಂಟಿನಿಂದ ಹೊರಗಿಟ್ಟು ಆಕಾಶವನ್ನು 0.7 ಸ್ಟಾಪ್ ಇಳಿಸಿದೆ. ಮುಖ, ಕುತ್ತಿಗೆ, ಕೈ ಮೂರನ್ನೂ ಒಂದೇ ಮಾಸ್ಕಿಗೆ ತಂದು 0.6 ಏರಿಸಿದೆ. ಮುಖ ಆಕಾಶಕ್ಕಿಂತ ಮಂದವಾಗಿಯೇ ಉಳಿಯಿತು. ಕಣ್ಣು ಮಾತ್ರ ಕಾಣಿಸಿತು. ಆ ಚಿತ್ರ ನೋಡಿ ಮಗಳು ಏನೂ ಹೇಳಲಿಲ್ಲ, ಒಂದು ಪ್ರತಿ ಕೇಳಿ ಪಡೆದರು.